ಫೋನಿನೊಳಗಿನ ಸಂಸಾರ ಕೋರ್ಟಿಗೆ ಬಂದಾಗ

ಚಾಮರಾಜನಗರ ತಾಲ್ಲೂಕಿನ ಉಡಿಗಾಲದ ಒಬ್ಬ ಹೆಣ್ಣುಮಗಳನ್ನು ಗುಂಡ್ಲುಪೇಟೆಯ ಮನೆಯೊಂದಕ್ಕೆ ಕೊಟ್ಟಿದ್ದಾರೆ ಎಂದುಕೊಳ್ಳಿ. ಇದು ನಾನು ಕಟ್ಟಿಕೊಂಡ ಉದಾಹರಣೆ, ಯಾರ ಮನೆಯ ಕಥೆಯೂ ಅಲ್ಲ. ಮದುವೆಯಾಗಿ ಆರು ವರ್ಷ, ಒಂದು ಮಗು. ಒಂದು ವರ್ಷದಿಂದ ಆಕೆ ತವರಿನಲ್ಲಿದ್ದಾಳೆ. ಆಕೆಯ ಫೋನಿನಲ್ಲಿ ಏಳು ನಿಮಿಷದ ಒಂದು ಕರೆ ರೆಕಾರ್ಡ್ ಆಗಿದೆ. ಅದರಲ್ಲಿ ಗಂಡ, "ನಿಮ್ಮಪ್ಪನ ತವು ಇನ್ನೂ ಎರಡು ಲಕ್ಷ ಈಸ್ಕೊಂಡ್ ಬಾ, ಇಲ್ದಿದ್ರೆ ಈ ಕಡೆ ಕಾಲಿಕ್ಬ್ಯಾಡ" ಎನ್ನುತ್ತಾನೆ. ವಾಟ್ಸ್ಆ್ಯಪ್‌ನಲ್ಲಿ ಎರಡು ವರ್ಷದ ಮಾತುಕತೆ ಇದೆ. ಮೊಣಕೈ ಬಾತುಕೊಂಡ ದಿನ ತಂಗಿ ತೆಗೆದ ಮೂರು ಫೋಟೊ ಇವೆ. ಗಂಡ ಇನ್ನೊಬ್ಬಳ ಜೊತೆ ಬೈಕಿನಲ್ಲಿ ಕುಳಿತಿರುವ ಒಂದು ಫೋಟೊವನ್ನು ಯಾರೋ ಕಳಿಸಿದ್ದಾರೆ.

ವಿಚ್ಛೇದನದ ಅರ್ಜಿ ಹಾಕಬೇಕು ಎಂದಾಗ ಊರಿನಲ್ಲಿ ಎರಡು ಮಾತು ಕೇಳಿಬರುತ್ತವೆ. "ಗೊತ್ತಿಲ್ಲದಂಗೆ ರೆಕಾರ್ಡ್ ಮಾಡಿದ್ದು ಕೋರ್ಟಲ್ಲಿ ನಡೆಯಲ್ಲ ಕಣವ್ವ" ಎನ್ನುವವರು ಕೆಲವರು. "ರೆಕಾರ್ಡಿಂಗ್ ಐತಲ್ಲ, ಕೇಸು ಗೆದ್ದಂಗೇ" ಎನ್ನುವವರು ಇನ್ನು ಕೆಲವರು. ಎರಡೂ ತಪ್ಪು. ಮೊದಲ ಮಾತಿಗಾದರೂ ಮೊನ್ನೆ ಮೊನ್ನೆಯವರೆಗೆ ಒಂದಿಷ್ಟು ಆಧಾರವಿತ್ತು. 2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಆ ಆಧಾರವನ್ನು ತೆಗೆದುಹಾಕಿತು.

ಆ ತೀರ್ಪಿಗೆ ಕಾರಣವಾದ ಪ್ರಕರಣ ಪಂಜಾಬಿನ ಬಠಿಂಡಾದ್ದು. 2017ರಲ್ಲಿ ಗಂಡ ವಿಚ್ಛೇದನ ಕೇಳಿದ್ದ. ಹೆಂಡತಿಯೊಡನೆ ಫೋನಿನಲ್ಲಿ ಆಡಿದ ಮಾತುಗಳನ್ನು ಆಕೆಗೆ ತಿಳಿಸದೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದ. ಮೆಮೊರಿ ಕಾರ್ಡು, ಸಿ.ಡಿ., ಅದರ ಬರಹರೂಪ ಎಲ್ಲವನ್ನೂ ಸಾಕ್ಷ್ಯವಾಗಿ ಕೊಡುತ್ತೇನೆಂದು ಅರ್ಜಿ ಹಾಕಿದ. ಬಠಿಂಡಾದ ಕೌಟುಂಬಿಕ ನ್ಯಾಯಾಲಯ 2020ರ ಜನವರಿಯಲ್ಲಿ ಒಪ್ಪಿತು. ಹೆಂಡತಿ ಹೈಕೋರ್ಟಿಗೆ ಹೋದಳು. ಹೀಗೆ ಕದ್ದು ರೆಕಾರ್ಡ್ ಮಾಡುವುದು ಆಕೆಯ ಖಾಸಗಿತನಕ್ಕೆ ಮಾಡಿದ ಅಪಚಾರ ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2021ರ ನವೆಂಬರಿನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರ ಪೀಠ ಹೈಕೋರ್ಟಿನ ತೀರ್ಪನ್ನು ಬದಿಗಿರಿಸಿ, ಬಠಿಂಡಾದ ಆದೇಶವನ್ನೇ ಎತ್ತಿಹಿಡಿಯಿತು. ನಾಗರತ್ನ ಅವರು ನಮ್ಮವರು, ಮುಖ್ಯ ನ್ಯಾಯಮೂರ್ತಿಯಾಗಿದ್ದ ಇ.ಎಸ್. ವೆಂಕಟರಾಮಯ್ಯ ಅವರ ಮಗಳು.

ಎಲ್ಲ ವಾದವೂ ನಿಂತಿದ್ದು 1872ರ ಸಾಕ್ಷ್ಯ ಅಧಿನಿಯಮದ 122ನೇ ಕಲಮಿನ ಮೇಲೆ. ಮದುವೆಯಲ್ಲಿರುವಾಗ ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಹೇಳಿದ ಮಾತನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಹೊರಗೆಡಹಕೂಡದು ಎನ್ನುತ್ತದೆ ಆ ಕಲಮು. ಗಂಡನ ಮೇಲೆ ಊರಿನ ಯಾರೋ ಸಾಲದ ದಾವೆ ಹಾಕಿದರೆ, ರಾತ್ರಿ ಅವನು ಹೆಂಡತಿಯ ಹತ್ತಿರ ಹೇಳಿಕೊಂಡದ್ದನ್ನು ಆಕೆಯ ಬಾಯಿಂದ ಹೊರಡಿಸುವಂತಿಲ್ಲ. ಆದರೆ ಅದೇ ಕಲಮಿನ ಕೊನೆಯಲ್ಲಿ ಒಂದು ವಿನಾಯಿತಿಯೂ ಇದೆ: ಗಂಡ ಹೆಂಡತಿಯ ನಡುವೆಯೇ ವ್ಯಾಜ್ಯವಿದ್ದರೆ, ಅಥವಾ ಒಬ್ಬರು ಇನ್ನೊಬ್ಬರ ಮೇಲೆ ಎಸಗಿದ ಅಪರಾಧದ ವಿಚಾರಣೆ ನಡೆಯುತ್ತಿದ್ದರೆ ಈ ತಡೆ ಇಲ್ಲ. ನಾಲ್ಕು ಗೋಡೆಯೊಳಗೆ ನಡೆದ ಜಗಳಕ್ಕೆ ಬೇರೆ ಸಾಕ್ಷಿ ಎಲ್ಲಿಂದ ಬರಬೇಕು? ಅವರವರ ಮಾತೇ ಸಾಕ್ಷಿ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇದೇ ನಿಯಮ 128ನೇ ಕಲಮಾಗಿ ಬಂದಿದೆ.

ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು. ಆ ಕಲಮು ಹುಟ್ಟಿದ್ದು ಮದುವೆಯೆಂಬ ಸಂಬಂಧದ ಪಾವಿತ್ರ್ಯವನ್ನು ಕಾಪಾಡಲು. ಗಂಡ ಹೆಂಡತಿಯರು ಒಬ್ಬರ ವಿರುದ್ಧ ಒಬ್ಬರು ಎತ್ತಬಹುದಾದ ಖಾಸಗಿತನದ ಹಕ್ಕಿಗಾಗಿ ಅಲ್ಲ. ನ್ಯಾಯಯುತ ವಿಚಾರಣೆ ಸಿಗಬೇಕು, ತನ್ನ ಕಡೆಯ ಸಾಕ್ಷ್ಯವನ್ನು ಮುಂದಿಡಲು ಅವಕಾಶವಿರಬೇಕು ಎಂಬುದು ಇಲ್ಲಿ ಮೇಲಾಗುತ್ತದೆ. ರೆಕಾರ್ಡಿಂಗ್ ಒಪ್ಪಿದರೆ ಮನೆಮನೆಯಲ್ಲೂ ಗೂಢಚಾರಿಕೆ ಶುರುವಾಗುತ್ತದೆ ಎಂಬ ಆತಂಕಕ್ಕೂ ಪೀಠ ಉತ್ತರ ಕೊಟ್ಟಿದೆ. ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತಕ್ಕೆ ಬಂದಿದ್ದರೆ ಆ ಮದುವೆ ಆಗಲೇ ಮುರಿದಿದೆ, ಕಣ್ಣಿಟ್ಟಿದ್ದರಿಂದ ಮುರಿದದ್ದಲ್ಲ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಳ್ಳೆಯ ಫೋನು, ಅದರ ಪಾಸ್‌ವರ್ಡು, ಅದಕ್ಕೆ ಬೇಕಾದ ತಿಳಿವಳಿಕೆ ಎಲ್ಲವೂ ಗಂಡಿನ ಕೈಯಲ್ಲಿವೆ. ಕಣ್ಣಿಡುವ ಶಕ್ತಿ ಇಬ್ಬರಿಗೂ ಸಮನಾಗಿಲ್ಲ. ಆದರೂ ನಮ್ಮ ಉದಾಹರಣೆಯ ಹೆಣ್ಣುಮಗಳ ಮಟ್ಟಿಗೆ ಈ ತೀರ್ಪು ಬಾಗಿಲು ತೆರೆದಿದೆ. ಅವಳು ರೆಕಾರ್ಡ್ ಮಾಡಿದ್ದು ತಾನೇ ಮಾತಾಡಿದ ಕರೆಯನ್ನು, ಮಾತಾಡಿದ್ದು ಗಂಡನೊಡನೆ, ವ್ಯಾಜ್ಯ ಇರುವುದೂ ಗಂಡನೊಡನೆಯೇ.

ಬಾಗಿಲು ತೆರೆದಿದೆ ಎಂದರೆ ರೆಕಾರ್ಡಿಂಗನ್ನು ನ್ಯಾಯಾಧೀಶರು ಕೇಳುತ್ತಾರೆ ಎಂದಷ್ಟೇ ಅರ್ಥ, ನಂಬುತ್ತಾರೆ ಎಂದಲ್ಲ. ನಂಬಿಕೆಗೆ ಬೇರೆಯೇ ಪರೀಕ್ಷೆ ಇದೆ. ಟೇಪ್ ರೆಕಾರ್ಡರಿನ ಕಾಲದಲ್ಲೇ, 1970ರ ದಶಕದ ಮಲ್ಕಾನಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಮೂರು ಪ್ರಶ್ನೆ ಇಟ್ಟಿತ್ತು. ಆ ಮಾತು ವ್ಯಾಜ್ಯಕ್ಕೆ ಸಂಬಂಧಿಸಿದ್ದೇ? ದನಿ ಯಾರದೆಂದು ಗುರುತಿಸಲಾಗಿದೆಯೇ? ಅಳಿಸಿ ತಿದ್ದಿಲ್ಲ ಎಂದು ತೋರಿಸಲಾಗಿದೆಯೇ? ಟೇಪು ಹೋಗಿ ಮೊಬೈಲು ಬಂದರೂ ಪ್ರಶ್ನೆಗಳು ಅವೇ.

ಈಗ ಅವಳ ಫೋನನ್ನೇ ಕೈಗೆತ್ತಿಕೊಳ್ಳೋಣ. ಹೆಣ್ಣುಮಗಳೇ ಅರ್ಜಿದಾರಳಾದರೆ ಹಿಂದೂ ವಿವಾಹ ಅಧಿನಿಯಮದ ಪ್ರಕಾರ ತಾನಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಹಾಗಾಗಿ ಆಕೆ ಗುಂಡ್ಲುಪೇಟೆಗೆ ಅಲೆಯಬೇಕಿಲ್ಲ, ಚಾಮರಾಜನಗರಕ್ಕೆ ಹೋದರೆ ಸಾಕು. ಅರ್ಜಿಯಲ್ಲಿ ಕ್ರೌರ್ಯದ ಘಟನೆಗಳನ್ನು ಬರೆಯುವಾಗಲೇ ಆ ಕರೆಯ ದಿನ, ವೇಳೆ, ಹೇಳಿದ ಮಾತು ಅದರಲ್ಲಿ ಬರಬೇಕು. ಅರ್ಜಿಯಲ್ಲಿಲ್ಲದ ಸಂಗತಿಯನ್ನು ಎರಡು ವರ್ಷದ ಮೇಲೆ ಪೆನ್‌ಡ್ರೈವಿನಲ್ಲಿ ತಂದರೆ, ಇಷ್ಟು ದಿನ ಎಲ್ಲಿತ್ತು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮುಂದಿನದು ಮೂಲ ಮತ್ತು ನಕಲಿನ ವಿಚಾರ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿ. ಕಾನೂನಿನ ಕಣ್ಣಿಗೆ ಆ ಕರೆ ಮೊದಲು ಉಳಿದ ಫೋನೇ ಮೂಲ. ಅದರಿಂದ ಪೆನ್‌ಡ್ರೈವಿಗೆ ಹಾಕಿದ್ದು, ತಮ್ಮನ ಫೋನಿಗೆ ಕಳಿಸಿದ್ದು, ಕಾಗದದ ಮೇಲೆ ಮುದ್ರಿಸಿದ್ದು ಎಲ್ಲವೂ ನಕಲು. ನಕಲನ್ನು ಕೊಡುವುದಾದರೆ ಜೊತೆಗೆ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು, ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ, ಖಚಿತವಾಗಿ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ದಾರಿಯೂ ಇದೆ. ಫೋನಿನ ಒಡೆಯರೇ ಸಾಕ್ಷಿ ಕಟ್ಟೆ ಹತ್ತಿ, ಇದು ನನ್ನದು, ನಾನೇ ಬಳಸುತ್ತಿದ್ದೆ ಎಂದು ರುಜುವಾತು ಮಾಡಿ ಮೂಲ ಫೋನನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ. ಆದರೆ ದಿನನಿತ್ಯ ಬಳಸುವ ಫೋನನ್ನು ಕೋರ್ಟಿನಲ್ಲಿ ಬಿಟ್ಟು ಬರುವುದು ಎಲ್ಲರಿಗೂ ಆಗುವ ಮಾತಲ್ಲ. ಆದ್ದರಿಂದ ನಕಲು, ಪ್ರಮಾಣಪತ್ರ, ಕೇಳಿದಾಗ ತೋರಿಸಲು ಮೂಲ ಫೋನು, ಈ ಮೂರನ್ನೂ ಇಟ್ಟುಕೊಳ್ಳುವುದು ಕ್ಷೇಮ.

ಪ್ರಮಾಣಪತ್ರ ಎಂದರೆ ಏನೋ ದೊಡ್ಡದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಅದಕ್ಕೆ ಒಂದು ನಮೂನೆಯನ್ನೇ ಕೊಟ್ಟಿದೆ. ಅದರ ಮೊದಲ ಭಾಗವನ್ನು ಸಾಕ್ಷ್ಯ ಕೊಡುವವರು ತುಂಬಬೇಕು: ಯಾವ ಕಂಪನಿಯ ಫೋನು, ಯಾವ ಮಾದರಿ, ಬಣ್ಣ, ಐಎಂಇಐ ಸಂಖ್ಯೆ, ಆ ಹೊತ್ತಿನಲ್ಲಿ ಫೋನು ಸರಿಯಾಗಿ ಕೆಲಸ ಮಾಡುತ್ತಿತ್ತೇ ಇತ್ಯಾದಿ. ಎರಡನೆಯ ಭಾಗಕ್ಕೆ ತಜ್ಞರ ಸಹಿ. ಎರಡರಲ್ಲೂ ಹ್ಯಾಶ್ ಮೌಲ್ಯ ಎಂಬುದನ್ನು ಬರೆಯಬೇಕು. ಅದನ್ನು ಕಡತದ ಬೆರಳಚ್ಚು ಎನ್ನಬಹುದು. ಕಡತವನ್ನು ಒಂದು ಲೆಕ್ಕಕ್ಕೆ ಹಾಕಿದರೆ ಅಂಕಿ ಅಕ್ಷರಗಳ ಒಂದು ಸಾಲು ಬರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಹೀಗೆ ಟೈಪ್ ಮಾಡಿದರೆ ಸಾಕು:

```
certutil -hashfile call1.m4a SHA256
```

ಏಳು ನಿಮಿಷದ ಆ ಕರೆಯಿಂದ ಅರ್ಧ ಸೆಕೆಂಡು ಕತ್ತರಿಸಿದರೂ ಇಡೀ ಸಾಲು ಬೇರೆಯಾಗುತ್ತದೆ. ಮೂಲ ಫೋನಿನಲ್ಲಿರುವ ಕಡತಕ್ಕೂ ಕೋರ್ಟಿಗೆ ಕೊಟ್ಟ ನಕಲಿಗೂ ಒಂದೇ ಸಾಲು ಬಂದರೆ ನಡುವೆ ಯಾರೂ ಕೈಯಾಡಿಸಿಲ್ಲ ಎಂದು ಅರ್ಥ. 2024ರ ಜುಲೈಗೆ ಮೊದಲೇ ಬಾಕಿಯಿದ್ದ ಪ್ರಕರಣಗಳು ಹಳೆಯ ಅಧಿನಿಯಮದ 65ಬಿ ಕಲಮಿನಂತೆಯೇ ನಡೆಯುತ್ತವೆ. ಮೊದಲ ದಿನವೇ ಪ್ರಮಾಣಪತ್ರ ಇಲ್ಲದಿದ್ದರೆ ಎಲ್ಲ ಮುಗಿಯಿತೆಂದು ಹೆದರಬೇಕಿಲ್ಲ. ಬೆಂಗಳೂರಿನ ಲೋಕಾಯುಕ್ತ ಪೊಲೀಸರ ಲಂಚ ಪ್ರಕರಣವೊಂದರಲ್ಲಿ, ಆ ಕೊರತೆಯನ್ನು ವಿಚಾರಣೆಯ ಹೊತ್ತಿಗೆ ಸರಿಪಡಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ಬರಹರೂಪದ ವಿಚಾರಕ್ಕೆ ಬರುತ್ತೇನೆ. ರೆಕಾರ್ಡಿಂಗಿನ ಜೊತೆಗೆ ಅದರಲ್ಲಿರುವ ಮಾತನ್ನು ಕಾಗದಕ್ಕಿಳಿಸಿ ಕೊಡಬೇಕಾಗುತ್ತದೆ. ಅಲ್ಲಿ ನಮ್ಮ ಕಡೆಯ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದುವ ಚಾಳಿ ಬೇಡ. ಗಂಡ "ಈಸ್ಕೊಂಡ್ ಬಾ" ಎಂದಿದ್ದರೆ ಹಾಗೆಯೇ ಬರೆಯಬೇಕು, "ಪಡೆದುಕೊಂಡು ಬಾ" ಎಂದಲ್ಲ. ಕೇಳುವಾಗ ಒಂದು, ಓದುವಾಗ ಇನ್ನೊಂದು ಇದ್ದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಮಾತಿನ ಅರ್ಥವೂ ಸಂದರ್ಭದಲ್ಲಿರುತ್ತದೆ. ಅದೇ ಕರೆಯ ಕೊನೆಯಲ್ಲಿ ಗಂಡ "ಮುಗಿಸ್ಬುಡ್ತೀನಿ" ಎಂದಿದ್ದಾನೆ ಎಂದುಕೊಳ್ಳಿ. ಇಪ್ಪತ್ತು ಸೆಕೆಂಡಿನ ತುಣುಕು ಕೇಳಿದರೆ ಕೊಲೆ ಬೆದರಿಕೆ. ಏಳು ನಿಮಿಷ ಪೂರ್ತಿ ಕೇಳಿದರೆ, ಸಂಬಂಧ ಮುಗಿಸಿಬಿಡುತ್ತೇನೆ ಎಂದೂ ಇರಬಹುದು. ತನಗೆ ಬೇಕಾದಷ್ಟನ್ನೇ ಕತ್ತರಿಸಿ ಕೊಟ್ಟವರ ಉಳಿದ ನಿಜದ ಮಾತಿಗೂ ಬೆಲೆ ಕಡಿಮೆಯಾಗುತ್ತದೆ. ತನ್ನ ಬಾಯಿಂದ ಬಂದ ಕೆಟ್ಟ ಮಾತು ಅದರಲ್ಲಿದ್ದರೂ ಪೂರ್ತಿ ಕರೆಯನ್ನೇ ಕೊಡಬೇಕು.

ಗಂಡ ಬಂದು "ಅದು ನನ್ನ ದನಿಯೇ ಅಲ್ಲ" ಎಂದರೆ? ಆರು ವರ್ಷ ಜೊತೆಗೆ ಬಾಳಿದವಳು ದನಿ ಗುರುತಿಸಿ ಹೇಳುವುದು ಮೊದಲ ಸಾಕ್ಷ್ಯ. ಅವನ ದನಿಯನ್ನು ಬಲ್ಲ ಇನ್ನೊಬ್ಬರೂ ಅದೇ ಮಾತು ಹೇಳಬಹುದು. ಅಷ್ಟಕ್ಕೂ ಒಪ್ಪದಿದ್ದರೆ ದನಿಯ ಮಾದರಿ ಪಡೆದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿ ಎಂದು ಅರ್ಜಿ ಹಾಕಬೇಕು. ಆಗ ಬೇಕಾಗುವುದು ಮೂಲ ಫೋನೇ. ಅದನ್ನು ವಿನಿಮಯದಲ್ಲಿ ಕೊಟ್ಟು ಹೊಸದು ತಂದಿದ್ದರೆ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ.

ವಾಟ್ಸ್ಆ್ಯಪ್ ಸಂದೇಶಗಳ ತೊಡಕು ಬೇರೆ. ಸ್ಕ್ರೀನ್‌ಶಾಟಿನ ಮೇಲ್ಗಡೆ "ಮನೆಯವರು" ಎಂದು ಕಾಣುತ್ತದೆ. ಆದರೆ ಆ ಹೆಸರು ಇಟ್ಟವಳು ಆಕೆಯೇ. ಯಾರ ನಂಬರನ್ನಾದರೂ ಯಾವ ಹೆಸರಿನಲ್ಲಾದರೂ ಉಳಿಸಿಕೊಳ್ಳಬಹುದು. ಆದ್ದರಿಂದ ಆ ಹೆಸರನ್ನು ಒತ್ತಿದಾಗ ತೆರೆಯುವ, ನಂಬರು ಕಾಣುವ ಪುಟದ ಚಿತ್ರವೂ ಜೊತೆಗಿರಬೇಕು. ಆ ನಂಬರು ಗಂಡನದೇ ಎಂಬುದಕ್ಕೆ ಬ್ಯಾಂಕಿನ ದಾಖಲೆಯೋ, ಅವನೇ ಬರೆದುಕೊಟ್ಟ ಅರ್ಜಿಯೋ ಇರಬೇಕು. ಸಂದೇಶಗಳು ದಿನಾಂಕ ಸಹಿತ ಸಾಲಾಗಿ ಬರಬೇಕು, ನಡುವೆ ಪುಟ ಹಾರಬಾರದು. ತಾನಾಗಿಯೇ ಅಳಿಸಿಹೋಗುವಂತೆ ಇಟ್ಟ ಸಂದೇಶಗಳ ಏರ್ಪಾಡು ಆನ್ ಆಗಿದೆಯೇ ಎಂದು ಇವತ್ತೇ ನೋಡಿಕೊಳ್ಳಬೇಕು.

ಫೋಟೊಗಳಲ್ಲೂ ಹೀಗೆಯೇ. ತಂಗಿಯ ಫೋನಿನಲ್ಲಿ ತೆಗೆದ ಮೂಲ ಫೋಟೊದ ಒಡಲಲ್ಲಿ ತೆಗೆದ ದಿನ, ವೇಳೆ, ಫೋನಿನ ಮಾದರಿ ಅಡಗಿರುತ್ತವೆ. ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಆ ವಿವರಗಳು ಉದುರಿಹೋಗುತ್ತವೆ, ಕಡತದ ಹೆಸರು `IMG-20250314-WA0007.jpg` ಎಂಬಂತಾಗುತ್ತದೆ. ಹೆಸರಿನಲ್ಲಿ WA ಕಂಡರೆ ಅದು ವಾಟ್ಸ್ಆ್ಯಪ್ ಮೂಲಕ ಹಾದುಬಂದದ್ದು ಎಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಬಾವಿನ ಫೋಟೊಗೆ ತಂಗಿಯೇ ಸಾಕ್ಷಿಯಾಗಿ ಬರಬೇಕು, ಮೂಲವೂ ಅವಳ ಫೋನಿನಲ್ಲಿ ಉಳಿದಿರಬೇಕು. ಆ ದಿನ ಆಸ್ಪತ್ರೆಗೆ ಹೋಗಿದ್ದರೆ ಅಲ್ಲಿನ ಚೀಟಿ ಫೋಟೊಗಿಂತ ಹೆಚ್ಚು ಹೇಳುತ್ತದೆ. ಬೈಕಿನ ಫೋಟೊವನ್ನು ತೆಗೆದವರು ಯಾರೆಂದೇ ಗೊತ್ತಿಲ್ಲದಿದ್ದರೆ ಅದನ್ನು ರುಜುವಾತು ಮಾಡುವವರೂ ಇಲ್ಲ. ರುಜುವಾತಾದರೂ, ಇಬ್ಬರು ಒಂದು ಬೈಕಿನಲ್ಲಿ ಕುಳಿತಿದ್ದರು ಎಂಬುದಷ್ಟೇ ಅದರಿಂದ ಸಾಬೀತಾಗುತ್ತದೆ, ವ್ಯಭಿಚಾರವಲ್ಲ.

ಕೌಟುಂಬಿಕ ನ್ಯಾಯಾಲಯಕ್ಕೆ ಇಷ್ಟೆಲ್ಲ ಕಟ್ಟುನಿಟ್ಟು ಇಲ್ಲವಲ್ಲ ಎಂದು ಕೆಲವು ವಕೀಲರು ಹೇಳುತ್ತಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 14ನೇ ಕಲಮಿನಲ್ಲಿ ಹಾಗೊಂದು ಸಡಿಲಿಕೆ ಇರುವುದು ನಿಜ. ವ್ಯಾಜ್ಯವನ್ನು ಬಗೆಹರಿಸಲು ನೆರವಾಗುತ್ತದೆ ಎನಿಸಿದರೆ, ಸಾಕ್ಷ್ಯ ಅಧಿನಿಯಮದಂತೆ ಒಪ್ಪುವಂಥದ್ದಲ್ಲದಿದ್ದರೂ ಆ ದಾಖಲೆಯನ್ನು ತೆಗೆದುಕೊಳ್ಳಬಹುದು. ಆದರೆ ಆ ಕಲಮು "ತೆಗೆದುಕೊಳ್ಳಬಹುದು" ಎನ್ನುತ್ತದೆ, "ತೆಗೆದುಕೊಳ್ಳಲೇಬೇಕು" ಎನ್ನುವುದಿಲ್ಲ. ಅದು ಕೌಟುಂಬಿಕ ನ್ಯಾಯಾಲಯಕ್ಕೆ ಮಾತ್ರ ಸಿಕ್ಕ ಅಧಿಕಾರ. ಅಂಥ ನ್ಯಾಯಾಲಯ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಮದುವೆಯ ವ್ಯಾಜ್ಯ ನಡೆಯುವಾಗ ಈ ಸಡಿಲಿಕೆಯನ್ನು ನೆಚ್ಚಿಕೊಳ್ಳುವಂತಿಲ್ಲ. ದಾಖಲೆ ಒಳಗೆ ಬಂದ ಮೇಲೆ ಅದಕ್ಕೆ ಎಷ್ಟು ತೂಕ ಎಂಬ ಪ್ರಶ್ನೆ ಎಲ್ಲಿಯೂ ತಪ್ಪುವುದಿಲ್ಲ.

ಇನ್ನು ಗಂಡನ ಕಡೆ ತಿರುಗೋಣ. ಅವನಿಗೂ ಇದೇ ಬಾಗಿಲು ತೆರೆದಿದೆ, ಬಠಿಂಡಾದಲ್ಲಿ ಗೆದ್ದವನು ಗಂಡನೇ. ಆದರೆ ಅವನು ತನ್ನೊಡನೆ ಆಡಿದ ಮಾತನ್ನು ಬಿಟ್ಟು, ಹೆಂಡತಿ ಅವಳ ತಾಯಿಯೊಡನೆ, ಗೆಳತಿಯೊಡನೆ ಆಡಿದ್ದನ್ನು ಹಿಡಿಯಲು ಅವಳ ಫೋನಿನಲ್ಲಿ ಗುಟ್ಟಾಗಿ ಆ್ಯಪ್ ಹಾಕಿದ್ದರೆ? ಅದು ಬೇರೆ ಸಂಗತಿ. 2025ರ ಜೂನಿನಲ್ಲಿ ಮಧ್ಯಪ್ರದೇಶ ಹೈಕೋರ್ಟ್ ಅಂಥದೇ ಪ್ರಕರಣದಲ್ಲಿ 14ನೇ ಕಲಮಿನ ಬಲದಿಂದ ವಾಟ್ಸ್ಆ್ಯಪ್ ಸಂದೇಶಗಳನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿತು. ಜೊತೆಗೆ, ಸಾಕ್ಷ್ಯ ಒಪ್ಪಿದ್ದರಿಂದ ಅದನ್ನು ದೋಚಿದವರ ಹೊಣೆ ಮನ್ನಾ ಆಗುವುದಿಲ್ಲ ಎಂದೂ ಹೇಳಿತು. ಅಂದರೆ ಕಡತ ಒಂದು ನ್ಯಾಯಾಲಯದಲ್ಲಿ ಗುರುತಾಗುವ ಹೊತ್ತಿಗೇ, ಒಪ್ಪಿಗೆಯಿಲ್ಲದೆ ಫೋನಿಗೆ ನುಗ್ಗಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮದಡಿ ಅವನ ಮೇಲೆಯೇ ದೂರು ದಾಖಲಾಗಬಹುದು.

ಮೂರನೆಯವರನ್ನು ಎಳೆದು ತರುವುದಕ್ಕೆ ನಮ್ಮ ಹೈಕೋರ್ಟೇ ಬೇಲಿ ಹಾಕಿದೆ. ಆ ಪ್ರಕರಣದಲ್ಲಿ ಹೆಂಡತಿ ಕ್ರೌರ್ಯದ ಕಾರಣಕ್ಕೆ 2018ರಲ್ಲಿ ನ್ಯಾಯಾಲಯಕ್ಕೆ ಹೋಗಿದ್ದಳು. ಅವಳಿಗೆ ಬೇರೊಬ್ಬನ ಜೊತೆ ಸಂಬಂಧವಿದೆ ಎಂದು ತೋರಿಸಲು ಗಂಡ ಆ ಬೇರೊಬ್ಬನ ಮೊಬೈಲ್ ಟವರ್ ವಿವರವನ್ನು ಕೇಳಿದ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ 2019ರ ಫೆಬ್ರುವರಿಯಲ್ಲಿ ಒಪ್ಪಿಬಿಟ್ಟಿತು. ಆ ಮೂರನೆಯ ವ್ಯಕ್ತಿ ಹೈಕೋರ್ಟಿಗೆ ಬಂದ. ವ್ಯಾಜ್ಯದಲ್ಲಿ ಪಕ್ಷಕಾರನೇ ಅಲ್ಲದವನ ಖಾಸಗಿತನವನ್ನು ಗಂಡ ಹೆಂಡತಿಯ ಜಗಳಕ್ಕಾಗಿ ಮುರಿಯುವಂತಿಲ್ಲ ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2022ರ ನವೆಂಬರಿನಲ್ಲಿ ಆ ಆದೇಶವನ್ನು ರದ್ದುಗೊಳಿಸಿದರು. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದೂ ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ದಾವೆಯಲ್ಲಿ.

ಕೊನೆಯದಾಗಿ, ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತು. ಸಂಸಾರ ಚೆನ್ನಾಗಿದ್ದಾಗ ತೆಗೆದ ಖಾಸಗಿ ಫೋಟೊ, ವಿಡಿಯೊಗಳನ್ನು ಕೇಸಿನ ನೆಪದಲ್ಲಿ ನೆಂಟರಿಗೆ, ಊರಿನ ಗುಂಪುಗಳಿಗೆ ಕಳಿಸುವವರಿದ್ದಾರೆ. ಬೇರೆಯವರ ಮುಂದೆ ಹರಡಿದ ಕ್ಷಣವೇ ಅದು ಸಾಕ್ಷ್ಯವಾಗಿ ಉಳಿಯುವುದಿಲ್ಲ, ಅಪರಾಧವಾಗುತ್ತದೆ. ಅಂಥದ್ದನ್ನು ಕೊಡಲೇಬೇಕಾದ ಸಂದರ್ಭ ಬಂದರೆ ಮೊಹರು ಮಾಡಿದ ಲಕೋಟೆಯಲ್ಲಿ ಕೊಟ್ಟು, ವಿಚಾರಣೆಯನ್ನು ಮುಚ್ಚಿದ ಬಾಗಿಲೊಳಗೆ ನಡೆಸಿ ಎಂದು ಕೋರಬೇಕು. ಒಬ್ಬ ಪಕ್ಷಕಾರರು ಬಯಸಿದರೂ ಕೌಟುಂಬಿಕ ನ್ಯಾಯಾಲಯ ಹಾಗೆ ನಡೆಸಬೇಕು ಎಂದು ಕೌಟುಂಬಿಕ ನ್ಯಾಯಾಲಯಗಳ ಅಧಿನಿಯಮದ 11ನೇ ಕಲಮಿನಲ್ಲೇ ಇದೆ.

ಉಡಿಗಾಲದಲ್ಲೋ ತೆರಕಣಾಂಬಿಯಲ್ಲೋ ಈ ಸಂಕಟದಲ್ಲಿರುವವರು ಇದನ್ನು ಓದುತ್ತಿದ್ದರೆ, ವಕೀಲರ ಹತ್ತಿರ ಹೋಗುವ ಮುಂಚೆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ, ಒಂದು ಸಂದೇಶವನ್ನೂ ಅಳಿಸಬೇಡಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಅಲ್ಲಿ ವರಮಾನ ಎಷ್ಟಿದ್ದರೂ ವಕೀಲರ ನೆರವು ಉಚಿತ.